27ನೇ ವಾರದಲ್ಲಿ ಹೆಚ್‌ಬಿ 10.6: ಇಂಜೆಕ್ಷನ್ ಬೇಡ ಅಂದ ನನ್ನ ಅನುಭವ

ನಾನು ಮದ್ದೂರು ಕಡೆಯ ಒಂದು ಉಪಕೇಂದ್ರದ ಸಿಸ್ಟರ್. ತಾಯಿ ಕಾರ್ಡಿನಲ್ಲಿ ಹೆಚ್‌ಬಿ, ಅಂದರೆ ಹಿಮೋಗ್ಲೋಬಿನ್ ಅಂಕಿಯ ಪಕ್ಕದಲ್ಲೇ ಬಸುರಿಗೆ ಎಷ್ಟನೇ ವಾರ ಅಂತಲೂ ಬರೆದುಕೊಳ್ಳೋಣ ಎಂದಾಗ ಮೀಟಿಂಗ್‌ನಲ್ಲಿ ಯಾರೂ ಒಪ್ಪಲಿಲ್ಲ. "ಹನ್ನೊಂದಕ್ಕಿಂತ ಕಮ್ಮಿ ಅಂದ್ರೆ ರಕ್ತ ಕಮ್ಮಿ, ಅದಕ್ಕೆ ವಾರ ಯಾಕಮ್ಮ?" ಅಂದರು. ಈಗ ಪಕ್ಕದ ಉಪಕೇಂದ್ರದವರೂ ಹಾಗೇ ಬರೆಯುತ್ತಾರೆ.

ಇದು ಶುರುವಾಗಿದ್ದು ಇಬ್ಬರು ಬಸುರಿಯರಿಂದ. ಇಬ್ಬರಿಗೂ 27 ವಾರ, ಒಂದೇ ಊರು. ಮೊದಲನೆಯವಳಿಗೆ 11ನೇ ವಾರದಲ್ಲಿ 11.6 ಇತ್ತು, ಈಗ 10.6. ಎರಡನೆಯವಳಿಗೆ 11.2 ಇದ್ದದ್ದು 9.6 ಆಗಿತ್ತು. ಮೊದಲನೆಯವಳ ಅತ್ತೆ ಗಾಬರಿಯಾಗಿ ಸೊಸೆಯನ್ನು ಹೊರಗಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಟಾನಿಕ್ಕು, ಐದು ಇಂಜೆಕ್ಷನ್ ಬರೆದರು. ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. "ಓಲೆ ಅಡ ಇಡ್ತೀನಿ ಸಿಸ್ಟರ್" ಅಂದರು ಆಯಮ್ಮ. ನಾನು ಹೇಳಿದೆ: "ಮೊದಲು 250 ರೂಪಾಯಿ ಕೊಟ್ಟು ಸಿಬಿಸಿ ರಕ್ತಪರೀಕ್ಷೆ ಮಾಡಿಸಿ, ಅತ್ತೆಮ್ಮ. ಆಮೇಲೆ ಓಲೆ ಮಾತು."

ರಿಪೋರ್ಟಿನಲ್ಲಿ ನಾನು ಮೊದಲು ನೋಡಿದ್ದು ಎಂಸಿವಿ, ಅಂದರೆ ಕೆಂಪು ಕಣಗಳ ಸರಾಸರಿ ಗಾತ್ರ. ಮೊದಲನೆಯವಳದು 86, ಎರಡನೆಯವಳದು 74. ಮೊದಲನೆಯವಳ ಕೆಂಪು ಕಣಗಳ ಗಾತ್ರ ಚೆನ್ನಾಗಿತ್ತು, ರಕ್ತ ತೆಳುವಾಗಿತ್ತು ಅಷ್ಟೇ. ಸಾರಿಗೆ ನೀರು ಬೆರೆಸಿದರೆ ಬೇಳೆ ಕಮ್ಮಿಯಾಗಲ್ಲ, ಅಲ್ವಾ? ಎರಡನೆಯವಳ ಕಣಗಳೇ ಸಣ್ಣಗಾಗಿದ್ದವು. ಅದು ಹೆಚ್ಚಾಗಿ ಕಬ್ಬಿಣ ಸಾಲದಿರುವುದರ ಗುರುತು.

ಬಸುರಿಯಲ್ಲಿ ರಕ್ತದ ನೀರಿನ ಭಾಗವಾದ ಪ್ಲಾಸ್ಮಾ 40ರಿಂದ 50 ಪರ್ಸೆಂಟ್ ಹೆಚ್ಚುತ್ತೆ, ಕೆಂಪು ಕಣ ಹೆಚ್ಚುವುದು 20ರಿಂದ 30. ನಡುವಿನ ತಿಂಗಳುಗಳಲ್ಲಿ ಪ್ಲಾಸ್ಮಾ ಓಡುತ್ತೆ, ಕಣ ಹಿಂದೆ ಬೀಳುತ್ತೆ. ಕೊನೆಯ ತಿಂಗಳುಗಳಲ್ಲಿ ಪ್ಲಾಸ್ಮಾ ನಿಧಾನವಾಗುತ್ತೆ, ಕಬ್ಬಿಣ ಸಿಕ್ಕಿದರೆ ಕಣ ಹತ್ತಿರ ಬರುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಮೊದಲ ಮೂರು ತಿಂಗಳಿಗೆ 11, ನಡುವಿನ ಮೂರಕ್ಕೆ 10.5, ಕೊನೆಯ ಮೂರಕ್ಕೆ ಮತ್ತೆ 11 ಎಂದು ರಕ್ತಹೀನತೆಯ ಗಡಿ ಇಟ್ಟಿದೆ. ನಮ್ಮ ರಿಜಿಸ್ಟರಿನಲ್ಲಿ ಎಲ್ಲಾ ತಿಂಗಳಿಗೂ 11. ಹಾಗಾಗಿ ರಿಜಿಸ್ಟರಿನಲ್ಲಿ ಮೊದಲನೆಯವಳು ರಕ್ತಹೀನತೆ ಪಟ್ಟಿಗೇ ಹೋದಳು. ಆದರೆ ಎಂಸಿವಿ ತೋರಿಸಿದ ಮೇಲೆ ನಮ್ಮ ಡಾಕ್ಟರು ದಿನಕ್ಕೆ ಒಂದೇ ಕಬ್ಬಿಣದ ಕೆಂಪು ಮಾತ್ರೆ ಮುಂದುವರಿಸಿ, ತಿಂಗಳು ಬಿಟ್ಟು ನೋಡೋಣ ಅಂದರು. 36ನೇ ವಾರದಲ್ಲಿ 11.3 ಬಂತು. ಓಲೆ ಕಿವಿಯಲ್ಲೇ ಉಳಿಯಿತು.

ಕಷ್ಟಪಟ್ಟಿದ್ದು ಎರಡನೆಯವಳ ವಿಷಯದಲ್ಲಿ. ದಿನಕ್ಕೆ ಎರಡು ಮಾತ್ರೆ, ಒಂದೊಂದರಲ್ಲಿ 60 ಮಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಮೂರು ವಾರವಾದರೂ ಹೆಚ್‌ಬಿ ಅಲ್ಲಾಡಲಿಲ್ಲ. ಮಾತ್ರೆ ಪಟ್ಟಿ ತರಿಸಿ ಎಣಿಸಿದೆ, ನುಂಗಿದ್ದಳು. ಮನೆಗೆ ಹೋಗಿ ನೋಡಿದಾಗ ಗೊತ್ತಾಯಿತು: ಬೆಳಗಿನ ಕಾಫಿ ಕುಡಿದ ಲೋಟದಲ್ಲೇ ನೀರು ಹಾಕಿಕೊಂಡು ಕೆಂಪು ಮಾತ್ರೆ, ಅದರ ಜೊತೆಗೇ ಕ್ಯಾಲ್ಸಿಯಂ ಮಾತ್ರೆ. ರಾತ್ರಿಯೂ ಎರಡೂ ಒಟ್ಟಿಗೆ. ಕ್ಯಾಲ್ಸಿಯಂ, ಕಾಫಿ ಎರಡೂ ಕಬ್ಬಿಣವನ್ನು ಕರುಳಿಗೆ ಹಿಡಿಯಲು ಬಿಡುವುದಿಲ್ಲ. ಕ್ಯಾಲ್ಸಿಯಂ ಊಟದ ಜೊತೆ ತಗೋ, ಕೆಂಪು ಮಾತ್ರೆಯನ್ನು ಎರಡು ಗಂಟೆ ದೂರ ಇಡು, ಮೇಲೆ ಅರ್ಧ ನಿಂಬೆಹಣ್ಣಿನ ಶರಬತ್ತು ಕುಡಿ ಅಂದೆ. ಹೊಟ್ಟೆ ತೊಳಸಿದರೆ ರಾತ್ರಿಯ ಮಾತ್ರೆ ಮಲಗುವಾಗ. ಕಾಫಿ ಬಿಡಿಸಲಿಲ್ಲ, ಹೊತ್ತು ಬದಲಿಸಿದೆ ಅಷ್ಟೇ.

ನಾಲ್ಕು ವಾರದಲ್ಲಿ ಹತ್ತಿರ ಹತ್ತಿರ 10.7. ತಿಂಗಳಿಗೆ ಒಂದು ಗ್ರಾಂ ಏರದೇ ಇದ್ದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಐರನ್ ಡ್ರಿಪ್ ಕೇಳುತ್ತಿದ್ದೆ. ಡ್ರಿಪ್ ಬೇಕಾದವರಿಗೆ ಬೇಕೇ ಬೇಕು. ಇಡೀ ಬಸುರಿಗೆ ಸುಮಾರು 1000 ಮಿಗ್ರಾಂ ಕಬ್ಬಿಣ ಬೇಕು, ಅರ್ಧದಷ್ಟು ತಾಯಿಯ ಹೊಸ ಕಣಗಳಿಗೇ ಹೋಗುತ್ತೆ. ಹೆರಿಗೆಗೆ ವಾರಗಳು ಮಾತ್ರ ಉಳಿದಿರುವಾಗ ಮಾತ್ರೆಯಿಂದ ಅದನ್ನು ತುಂಬಲು ಹೊತ್ತಿರುವುದಿಲ್ಲ.

ಮಂಡ್ಯದವರಾದ್ದರಿಂದ ಬೆಲ್ಲದ ಪರೀಕ್ಷೆಯನ್ನೂ ಮಾಡಿದೆ. ಮಾತ್ರೆ ಬಿಟ್ಟು ಬೆಲ್ಲ, ಖರ್ಜೂರ ಅಂತ ನಂಬಿದ ನಾಲ್ಕೈದು ಮಂದಿಗೆ ಹೆಚ್‌ಬಿ ಏರಲಿಲ್ಲ. ನುಗ್ಗೆಸೊಪ್ಪಿನ ಪಲ್ಯ ತಿನ್ನಲಿ, ಫೋಲೇಟ್ ಸಿಗುತ್ತೆ, ಆದರೆ ಮಾತ್ರೆಗೆ ಬದಲಿಯಲ್ಲ. ಎಂಸಿವಿ 100 ದಾಟಿದ್ದರೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಫೋಲಿಕ್ ಆಸಿಡ್ ಒಂದನ್ನೇ ಜಾಸ್ತಿ ಮಾಡಬೇಡಿ, ಬಿ12 ಕೂಡ ನೋಡಿಸಿ.

ವಾರ ಬರೆಯುವುದರಿಂದ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. 30ನೇ ವಾರದಲ್ಲಿ 13.4 ಇದ್ದವಳನ್ನು ಎಲ್ಲರೂ "ಒಳ್ಳೆ ರಕ್ತ" ಎಂದು ಹೊಗಳಿದರು. ನಾನು ಬಿಪಿ ನೋಡಿದೆ, 140/92. ಪ್ಲಾಸ್ಮಾ ಹೆಚ್ಚಬೇಕಾದಷ್ಟು ಹೆಚ್ಚದೆ ಇದ್ದರೂ ಹೆಚ್‌ಬಿ ಹೀಗೆ ಮೇಲೇ ನಿಲ್ಲುತ್ತೆ. ಬಸುರಿಯಲ್ಲಿ ಬಿಪಿ ಏರುವ ಕಾಯಿಲೆಯ ಅನುಮಾನದಿಂದ ಮೂತ್ರದಲ್ಲಿ ಪ್ರೊಟೀನ್ ಪರೀಕ್ಷಿಸಿ ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ.