ಊದಿದ ಬೆರಳಲ್ಲಿ ಸಿಕ್ಕಿಕೊಂಡ ಉಂಗುರಕ್ಕೆ ಒಂದು ಮೀಟರ್ ದಾರ

ಅತ್ತಿಗೆಯ ಉಂಗುರದ ಬೆರಳಿಗೆ ಜೇನುಹುಳ ಕಚ್ಚಿತ್ತು. ಮುಳ್ಳನ್ನೇನೋ ಕೂಡಲೇ ತೆಗೆದರು, ಉಂಗುರ ತೆಗೆಯುವುದು ಮರೆತುಹೋಯಿತು. ಅರ್ಧ ಗಂಟೆಯಲ್ಲಿ ಬೆರಳು ದಪ್ಪಗಾಯಿತು. ಅವರು ಉಂಗುರ ಹಿಡಿದು ಜಗ್ಗಿದರು, ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದರು. ಬೆರಳು ಇನ್ನಷ್ಟು ಊದಿತು.

ಹೀಗಾಗುವುದಕ್ಕೆ ಕಾರಣವಿದೆ. ಉಂಗುರ ಬಿಗಿಯಾದಾಗ ಮೊದಲು ಅಮುಕಿಹೋಗುವುದು ರಕ್ತವನ್ನು ವಾಪಸ್ ಒಯ್ಯುವ ತೆಳು ನಾಳಗಳು. ಬೆರಳಿಗೆ ರಕ್ತ ಬರುತ್ತಲೇ ಇರುತ್ತದೆ, ಹೋಗಲು ದಾರಿ ಇರುವುದಿಲ್ಲ. ಜಗ್ಗಿದರೆ ಚರ್ಮವೂ ಉಜ್ಜಿ ಬಾವು ಬರುತ್ತದೆ. ಅದಕ್ಕೇ ಮೊದಲ ಕೆಲಸ ಜಗ್ಗುವುದನ್ನು ನಿಲ್ಲಿಸುವುದು.

ಆಮೇಲೆ ಬೆರಳನ್ನು ಒಮ್ಮೆ ಸರಿಯಾಗಿ ನೋಡಿ. ಉಗುರನ್ನು ಒತ್ತಿ ಬಿಟ್ಟರೆ ಸುಮಾರು ಎರಡು ಸೆಕೆಂಡಿನಲ್ಲಿ ಕೆಂಪು ಬಣ್ಣ ಮರಳಬೇಕು. ತುದಿ ನೀಲಿಯಾಗಿದ್ದರೆ, ಬಿಳಿಚಿಕೊಂಡಿದ್ದರೆ, ಜೋಮು ಹಿಡಿದಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಆಸ್ಪತ್ರೆಗೆ ಹೋಗಿ. ಬೆರಳು ಮುರಿದಿರುವ ಅನುಮಾನ ಇದ್ದರೂ, ಆಳವಾದ ಗಾಯ ಇದ್ದರೂ ಅಷ್ಟೇ. ಅಂಥ ಬೆರಳಿಗೆ ದಾರ ಸುತ್ತಲೇಬಾರದು.

ಅತ್ತಿಗೆಯ ಉಗುರು ಕೆಂಪಗೇ ಇತ್ತು. ಮಲಗಿಸಿ, ಮೊಣಕೈ ಕೆಳಗೆ ದಿಂಬಿಟ್ಟು, ಕೈಯನ್ನು ಎದೆಗಿಂತ ಮೇಲಕ್ಕೆ ನಿಲ್ಲಿಸಿದೆವು. ಹತ್ತು ನಿಮಿಷ ಹಾಗೇ ಬಿಡಬೇಕು. ಬೆರಳಲ್ಲಿ ತುಂಬಿದ್ದು ನಿಧಾನವಾಗಿ ಕೆಳಗಿಳಿಯುತ್ತದೆ. ಜೊತೆಗೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಸುತ್ತಬಹುದು. ಐಸನ್ನು ಮಾತ್ರ ನೇರವಾಗಿ ಚರ್ಮಕ್ಕೆ ಒತ್ತಬೇಡಿ.

ನಂತರ ಎಣ್ಣೆ, ಸೋಪಿನ ನೊರೆ ಅಥವಾ ಪೆಟ್ರೋಲಿಯಂ ಜೆಲ್ಲಿ, ಯಾವುದಾದರೂ ಆದೀತು. ಉಂಗುರದ ಮೇಲೆ ಸವರಿದರೆ ಪ್ರಯೋಜನವಿಲ್ಲ, ಒಳಗೆ ಇಳಿಯಬೇಕು. ಉಂಗುರವನ್ನು ತಿರುಗಿಸುತ್ತಾ ಹಚ್ಚಿ. ನಡುಗೆಣ್ಣಿನ ಮೇಲಿನ ಸಡಿಲ ಚರ್ಮ ಉಂಗುರದ ಮುಂದೆ ಗುಡ್ಡೆಯಾಗುತ್ತದಲ್ವಾ, ನಿಜವಾದ ತಡೆ ಅದು. ಹತ್ತಿರ ಇರುವವರೊಬ್ಬರು ಆ ಚರ್ಮವನ್ನು ಮಣಿಕಟ್ಟಿನ ಕಡೆಗೆ ಹಿಂದಕ್ಕೆ ಎಳೆದು ಹಿಡಿದರೆ, ಉಂಗುರವನ್ನು ಸ್ಕ್ರೂ ಬಿಚ್ಚುವಂತೆ ತಿರುಗಿಸುತ್ತಾ ತರಬಹುದು. ಎಷ್ಟೋ ಉಂಗುರಗಳು ಇಷ್ಟಕ್ಕೇ ಬರುತ್ತವೆ. ಅತ್ತಿಗೆಯದು ಗೆಣ್ಣಿನ ಬುಡದವರೆಗೆ ಬಂದು ನಿಂತುಬಿಟ್ಟಿತು.

ಆಗ ದಾರ. ಸುಮಾರು ಒಂದು ಮೀಟರ್ ಇರಲಿ. ಹೊಲಿಗೆಯ ಸಣ್ಣ ದಾರ ಚರ್ಮವನ್ನು ಕೊರೆಯುತ್ತದೆ. ಸ್ವಲ್ಪ ದಪ್ಪ, ನುಣುಪಾದ ದಾರ ಬೇಕು. ಹಲ್ಲುಸಂದಿಗೆ ಬಳಸುವ ಫ್ಲಾಸ್ ಕೂಡ ಆಗುತ್ತದೆ. ಮೊದಲು ಬೆರಳಿನ ಎಣ್ಣೆ ಒರೆಸಿ, ಇಲ್ಲವಾದರೆ ಸುತ್ತುಗಳು ಜಾರುತ್ತವೆ.

ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿ, ಒಂದು ಗೇಣು ಆಚೆ ಬಿಡಿ. ತೂರದಿದ್ದರೆ ಮೊಂಡು ತುದಿಯ ಹೇರ್‌ಪಿನ್‌ನಿಂದ ನಿಧಾನವಾಗಿ ತಳ್ಳಿ. ಉಳಿದ ಉದ್ದ ದಾರವನ್ನು ಉಂಗುರಕ್ಕೆ ತಾಗಿಕೊಂಡೇ ಶುರುಮಾಡಿ, ಉಗುರಿನ ಕಡೆಗೆ, ಒಂದರ ಪಕ್ಕ ಒಂದು ಸುತ್ತುತ್ತಾ ಹೋಗಿ. ನಡುಗೆಣ್ಣು ದಾಟಿದ ಮೇಲೆ ನಿಲ್ಲಿಸಿ, ತುದಿಯನ್ನು ಬೆರಳಿಂದ ಒತ್ತಿ ಹಿಡಿಯಿರಿ.

ನಾವು ಎಡವಿದ್ದು ಇಲ್ಲೇ. ಮೊದಲ ಸಲ ಸುತ್ತುಗಳ ನಡುವೆ ಜಾಗ ಬಿಟ್ಟಿದ್ದೆವು. ಆ ಸಂದುಗಳಲ್ಲಿ ಚರ್ಮ ಉಬ್ಬಿ ಎದ್ದಿತು, ಉಂಗುರ ಅದಕ್ಕೇ ಸಿಕ್ಕಿಕೊಂಡಿತು. ದಾರದ ಕೆಲಸ ಬೆರಳನ್ನು ಅಮುಕಿ ಸಣ್ಣದು ಮಾಡುವುದು. ಎರಡು ಸುತ್ತುಗಳ ನಡುವೆ ಚರ್ಮ ಕಂಡರೆ ಬಿಚ್ಚಿ ಮತ್ತೆ ಸುತ್ತಿ. ಬಿಗಿಯಾಗಿರಲಿ, ನೋವಿನಿಂದ ಕೂಗುವಷ್ಟಲ್ಲ.

ಈಗ ಸುತ್ತಿನ ಮೇಲೆ ಸ್ವಲ್ಪ ಎಣ್ಣೆ ಸವರಿ. ಅಂಗೈ ಕಡೆ ಬಿಟ್ಟಿದ್ದ ತುದಿಯನ್ನು ಹಿಡಿದು, ಉಗುರಿನ ಕಡೆಗೆ ಎಳೆಯುತ್ತಾ, ಸುತ್ತಿದ ದಿಕ್ಕಿನಲ್ಲೇ ಬೆರಳ ಸುತ್ತ ತಿರುಗಿಸಿ ಬಿಚ್ಚುತ್ತಾ ಬನ್ನಿ. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಗೆಣ್ಣಿನ ಮೇಲೆ ಬಂದಾಗ ನೋವು ಜಾಸ್ತಿ, ಅಲ್ಲಿ ಅವಸರ ಬೇಡ. ಆದರೆ ದಾರ ಸುತ್ತಿದ ಬೆರಳನ್ನು ಸುಮ್ನೆ ಬಿಟ್ಟು ಮಾತಾಡುತ್ತಾ ಕೂರುವಂತಿಲ್ಲ. ಎರಡು ಮೂರು ನಿಮಿಷದಲ್ಲಿ ಮುಗಿಯದಿದ್ದರೆ ಪೂರ್ತಿ ಬಿಚ್ಚಿ, ಕೈ ಎತ್ತಿ ಹಿಡಿದು ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಎರಡನೇ ಸಲ ಅತ್ತಿಗೆಯ ಉಂಗುರ ಬಂತು. ಬೆರಳ ಮೇಲೆ ದಾರದ ಗೆರೆಗಳು ಸ್ವಲ್ಪ ಹೊತ್ತು ಇದ್ದವು.

ಎರಡು ಸಲಕ್ಕೂ ಬರದಿದ್ದರೆ ಕತ್ತರಿಸುವುದೇ ದಾರಿ. ಚಿನ್ನ, ಬೆಳ್ಳಿಯ ಉಂಗುರವನ್ನು ಆಸ್ಪತ್ರೆಯಲ್ಲಿ ಸಣ್ಣ ಕಟರ್‌ನಿಂದ ಸುಲಭವಾಗಿ ಕತ್ತರಿಸುತ್ತಾರೆ, ಆಮೇಲೆ ಅಕ್ಕಸಾಲಿಗರು ಬೆಸೆದು ಕೊಡುತ್ತಾರೆ. ಟಂಗ್‌ಸ್ಟನ್ ಕಾರ್ಬೈಡ್ ಅಥವಾ ಸೆರಾಮಿಕ್ ಉಂಗುರಕ್ಕೆ ಆ ಕಟರ್ ತಾಗುವುದಿಲ್ಲ. ಅದನ್ನು ಪ್ಲೈಯರ್‌ನಂಥ ಸಾಧನದಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ ಒಡೆಯುತ್ತಾರೆ. ಹಾಗಾಗಿ ಉಂಗುರ ಯಾವುದರಿಂದ ಮಾಡಿದ್ದು ಎಂಬುದನ್ನು ಒಳಗೆ ಹೋಗುತ್ತಿದ್ದಂತೆಯೇ ಹೇಳಿಬಿಡಿ.