ಹಾಗಲಕಾಯಿ ಕಹಿ: ಎಷ್ಟು ತೆಗೆಯಬೇಕು, ಎಲ್ಲಿ ಬಿಡಬೇಕು

ಮದುವೆಯಾಗಿ ತೀರ್ಥಹಳ್ಳಿ ಕಡೆಯ ಮನೆಗೆ ಬಂದ ಹೊಸತರಲ್ಲಿ ನಾನು ಮಾಡಿದ ಮೊದಲ ಹಾಗಲಕಾಯಿ ಮೆಣಸ್ಕಾಯಿ ಗೊಜ್ಜು ಕಹಿಯೇ ಇರಲಿಲ್ಲ, ಬರೀ ಉಪ್ಪು. ಹೋಳುಗಳಿಗೆ ಉಪ್ಪು ಹಾಕಿ ಎರಡು ಗಂಟೆ ಇಟ್ಟಿದ್ದೆ, ತೊಳೆದಿರಲಿಲ್ಲ, ಒಲೆ ಮೇಲೆ ಮತ್ತೆ ಉಪ್ಪು ಹಾಕಿದ್ದೆ. ಅತ್ತೆ ಒಂದು ತುತ್ತು ತಿಂದು, "ಕಹಿ ತೆಗೆಯೋಕೆ ಹೋಗಿ ಹಾಗಲಕಾಯಿನೇ ತೆಗೆದುಬಿಟ್ಟೆಯಲ್ಲೇ" ಅಂದರು. ಅವರು ಆಮೇಲೆ ಕಲಿಸಿದ ಕ್ರಮ ಇದು. ಅರ್ಧ ಕೆಜಿ ಕಾಯಿಯ ಲೆಕ್ಕ ಹೇಳುತ್ತೇನೆ.

ಕಾಯಿ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಚಿಕ್ಕದಾಗಿ, ಕಡು ಹಸಿರಾಗಿ, ಮುಳ್ಳು ಚೂಪಾಗಿದ್ದರೆ ಸಾಮಾನ್ಯವಾಗಿ ಕಹಿ ಜಾಸ್ತಿ. ಉದ್ದನೆಯ ತಿಳಿ ಹಸಿರು ಕಾಯಿ ಸೌಮ್ಯ. ಹಳದಿ ತಿರುಗಿದ ಹಣ್ಣು ಬೇಯಿಸಿದರೆ ಮೆತ್ತಗಾಗಿ ಹೋಗುತ್ತದೆ. ಗೊಜ್ಜಿಗೆ ಅದು ಬೇಡ.

ಮೊದಲು ಚಾಕುವಿನ ಬೆನ್ನಿನಿಂದ ಮುಳ್ಳನ್ನು ಮೇಲ್ಮೇಲೆ ಮಾತ್ರ ಹೆರೆಯಿರಿ. ಸಿಪ್ಪೆ ಪೂರ್ತಿ ತೆಗೆಯಬೇಡಿ, ಬೇಯುವಾಗ ಹೋಳು ಒಡೆಯುತ್ತದೆ. ಉದ್ದಕ್ಕೆ ಸೀಳಿ, ಬಲಿತ ಬೀಜವನ್ನೂ ತಿರುಳನ್ನೂ ಚಮಚದಲ್ಲಿ ಕೆರೆದು ತೆಗೆಯಿರಿ. ಆಮೇಲೆ ಅರ್ಧಚಂದ್ರದ ಹಾಗೆ ತೆಳ್ಳಗೆ ಹೆಚ್ಚಿ. ಹೋಳು ತೆಳ್ಳಗಿದ್ದಷ್ಟೂ ಉಪ್ಪಿಗೆ ಸಿಗುವ ಮೈ ಜಾಸ್ತಿ, ಒಳಗಿನ ರಸ ಹೊರಗೆ ಬರುವ ದಾರಿ ಚಿಕ್ಕದು. ದಪ್ಪ ತುಂಡಿನಲ್ಲಿ ಹೊರಮೈ ಉಪ್ಪಾಗಿ, ನಡುವೆ ಕಹಿ ಹಾಗೇ ಕೂತಿರುತ್ತದೆ.

ಈಗ ಉಪ್ಪು. ಅರ್ಧ ಕೆಜಿಗೆ ಎರಡು ಟೀ ಚಮಚ ಪುಡಿ ಉಪ್ಪು ಹಾಕಿ, ಕೈಯಲ್ಲಿ ಒಂದು ನಿಮಿಷ ತಿಕ್ಕಿ, ಅರ್ಧ ಗಂಟೆ ಬಿಡಿ. ಉಪ್ಪು ಹೋಳಿನ ಒಳಗಿನ ನೀರನ್ನು ಹೊರಗೆಳೆಯುತ್ತದೆ. ಆ ನೀರಿನ ಜೊತೆ ಕಹಿಯೂ ಸ್ವಲ್ಪ ಬರುತ್ತದೆ. ತಟ್ಟೆಯ ತಳದಲ್ಲಿ ತಿಳಿ ಹಸಿರು ನೀರು ನಿಂತು, ಹೋಳು ಮುರಿಯದೆ ಬಾಗಿದರೆ ಆಯಿತು ಅಂತ ಅರ್ಥ. ಚಟ್ ಅಂತ ಮುರಿದರೆ ಇನ್ನೂ ಹತ್ತು ನಿಮಿಷ. ಹಿಡಿ ಹಿಡಿಯಾಗಿ ಹಿಂಡಿ, ಒಮ್ಮೆ ನೀರಲ್ಲಿ ಜಾಲಿಸಿ, ಮತ್ತೆ ಹಿಂಡಿ. ನಾನು ತಪ್ಪಿದ್ದು ಈ ಜಾಲಿಸುವ ಕಡೆಯೇ. ಸುಮ್ನೆ ನೀರಲ್ಲಿ ನೆನೆಹಾಕಿದರೆ ಇಷ್ಟು ಕಹಿ ಹೋಗುವುದಿಲ್ಲ, ಎಳೆಯುವ ಉಪ್ಪೇ ಇಲ್ಲವಲ್ಲ.

ಈಗ ಒಂದು ಹೋಳು ನಾಲಗೆ ಮೇಲಿಟ್ಟು ನೋಡಿ. ಮೊದಲು ಸೌಮ್ಯ, ಕೊನೆಗೆ ಕಹಿ, ಅಲ್ವಾ? ಅಷ್ಟು ಸಾಕು. ಮಕ್ಕಳಿಗೆ ಅಂತಾದರೆ ಮಾತ್ರ ಕುದಿಯುವ ನೀರಲ್ಲಿ ಎರಡು ನಿಮಿಷ ಬೇಯಿಸಿ ನೀರು ಚೆಲ್ಲಿ. ಕಹಿ ಇನ್ನಷ್ಟು ಇಳಿಯುತ್ತದೆ, ಜೊತೆಗೆ ರುಚಿಯೂ ಇಳಿಯುತ್ತದೆ. ನಾನಂತೂ ಮಾಡುವುದಿಲ್ಲ. ಹುಳಿ ಮಜ್ಜಿಗೆಯಲ್ಲಿ ಉಪ್ಪು ಹಾಕಿ ನೆನೆಸುವುದು ಬಾಳಕಕ್ಕೆ ಒಳ್ಳೆಯದು, ಆದರೆ ಅದಕ್ಕೆ ಬಿಸಿಲು ಬೇಕು. ನಮ್ಮ ಆಷಾಢದ ಮಳೆಯಲ್ಲಿ ಅದು ಬೂಸ್ಟು ಹಿಡಿಯುವುದೇ ಸೈ.

ಇಲ್ಲಿಂದ ಮುಂದೆ ಕಹಿ ಹೊರಗೆ ಹೋಗುವುದಿಲ್ಲ, ಬೇರೆ ರುಚಿಗಳ ಹಿಂದೆ ಅಡಗುತ್ತದೆ. ಹಾಗಾಗಿ ಯಾವುದನ್ನು ಯಾವಾಗ ಹಾಕುತ್ತೀರಿ ಅನ್ನುವುದು ಮುಖ್ಯ. ಮೂರು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು ಸಿಡಿಸಿ, ಹೋಳು ಹಾಕಿ ಅಂಚು ಕಂದು ಬರುವವರೆಗೆ ಹುರಿಯಿರಿ. ಅರ್ಧ ಲೋಟ ನೀರು ಹಾಕಿ ಮುಚ್ಚಿ ಬೇಯಿಸಿ. ಉಗುರು ಒತ್ತಿದರೆ ಒಳಗೆ ಹೋಗಬೇಕು. ಆಮೇಲೆ ನಿಂಬೆ ಗಾತ್ರದ ಹುಣಸೆ ಹಣ್ಣಿನ ರಸ. ಹುಳಿ ಮೊದಲೇ ಬಿದ್ದರೆ ಹೋಳು ಬೇಗ ಬೇಯುವುದಿಲ್ಲ, ಎಷ್ಟು ಕುದಿಸಿದರೂ ಗಟ್ಟಿ. ಹುಳಿ ಐದು ನಿಮಿಷ ಕುದಿದ ಮೇಲೆ ನಾಲ್ಕು ಚಮಚ ಜೋನಿಬೆಲ್ಲ. ಜೋನಿಬೆಲ್ಲ ಇಲ್ಲದಿದ್ದರೆ ಅಚ್ಚು ಬೆಲ್ಲ ಪುಡಿ ಮಾಡಿಕೊಳ್ಳಿ. ಬೆಲ್ಲದಿಂದ ಕಹಿ ಮರೆಯಾಗುತ್ತದೆ, ಸಿಹಿ ಮಾತ್ರ ನಾಲಗೆಗೆ ಹೊಡೆಯಬಾರದು.

ಮಸಾಲೆಗೆ ಆರು ಬ್ಯಾಡಗಿ ಮೆಣಸು, ಒಂದು ಚಮಚ ಉದ್ದಿನಬೇಳೆ, ಎರಡು ಚಮಚ ಎಳ್ಳು ಹುರಿದು, ಅರ್ಧ ಬಟ್ಟಲು ತೆಂಗಿನತುರಿ ಜೊತೆ ರುಬ್ಬಿ, ಕುದಿಯುವ ಗೊಜ್ಜಿಗೆ ಸೇರಿಸಿ. ಎಳ್ಳಿನ ಮೇಲೆ ಕಣ್ಣಿರಲಿ. ಕಪ್ಪಾದರೆ ಅದೂ ಕಹಿ. ಮೆಂತ್ಯ ಹಾಕುವ ಅಭ್ಯಾಸ ಇದ್ದರೆ ನಾಲ್ಕೇ ಕಾಳು. ತಾಸುಗಟ್ಟಲೆ ಕಷ್ಟಪಟ್ಟು ಹಾಗಲದ ಕಹಿ ತೆಗೆದು, ಸೀದ ಮೆಂತ್ಯದಿಂದ ಹೊಸ ಕಹಿ ತಂದುಕೊಳ್ಳುವವರನ್ನು ತುಂಬ ನೋಡಿದ್ದೇನೆ. ಉಪ್ಪನ್ನು ಎಲ್ಲ ಕುದಿದ ಮೇಲೆ, ರುಚಿ ನೋಡಿ, ಸ್ವಲ್ಪವೇ ಹಾಕಿ.

ಬಿಸಿಯಲ್ಲಿ ಇನ್ನೂ ಕಹಿ ಅನಿಸಿದರೆ ಗಾಬರಿಯಾಗಿ ಮತ್ತೆ ಬೆಲ್ಲ ಸುರಿಯಬೇಡಿ. ಮುಚ್ಚಿಟ್ಟು, ಮರುದಿನ ಬೆಳಗ್ಗೆ ದೋಸೆ ಜೊತೆ ತಿನ್ನಿ. ರಾತ್ರಿಯಿಡೀ ಹೋಳಿನೊಳಗೆ ಹುಳಿ, ಬೆಲ್ಲ ಇಳಿದಿರುತ್ತವೆ. ನಮ್ಮನೆಯಲ್ಲಿ ಮೊದಲ ದಿನ ಅದನ್ನು ಯಾರೂ ಮುಟ್ಟುವುದೇ ಇಲ್ಲ.