ಈರುಳ್ಳಿ ರಸ ಮೊದಲು ಮೊಣಕೈಗೆ, ಆಮೇಲೆ ತಲೆಗೆ

ಕೊಡಗಿನಲ್ಲಿ ಮಳೆ ಹಿಡಿದರೆ ಸಾಕು, ಕೂದಲು ಉದುರುತ್ತದೆ ಅಂತ ಮನೆಯ ಹುಡುಗಿಯರು ಈರುಳ್ಳಿ ರುಬ್ಬಲು ಕೂರುತ್ತಾರೆ. ರಸ ನೆತ್ತಿಗೆ ಸುರಿದು, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ರಾತ್ರಿಯಿಡೀ ಮಲಗುವುದು. ಬೆಳಿಗ್ಗೆ ತಲೆ ಉರಿಯುತ್ತಿದ್ದರೆ "ಉರಿದ್ರೆ ಕೆಲಸ ಮಾಡ್ತಿದೆ ಅಂತ ಅಲ್ವಾ ದೊಡ್ಡಮ್ಮ?" ಅಂತ ನನ್ನನ್ನೇ ಕೇಳುವುದು. ಅಲ್ಲ ಕಣೇ, ಚರ್ಮ ಕೆಡ್ತಿದೆ ಅಂತ.

ಈರುಳ್ಳಿಗೆ ಇಷ್ಟು ಹೆಸರು ಬಂದದ್ದಕ್ಕೆ ಒಂದು ಚಿಕ್ಕ ಪ್ರಯೋಗವೂ ಕಾರಣ. 2002ರಲ್ಲಿ ಇರಾಕಿನ ವೈದ್ಯರು ಪ್ರಕಟಿಸಿದ್ದು. 23 ಜನ ದಿನಕ್ಕೆ ಎರಡು ಸಲ ರಸ ಹಚ್ಚಿದರು, ಆರು ವಾರದಲ್ಲಿ 20 ಜನರಿಗೆ ಕೂದಲು ಬಂತು. ನೀರು ಹಚ್ಚಿದ 15 ಜನರಲ್ಲಿ ಇಬ್ಬರಿಗೆ ಮಾತ್ರ ಬಂತು. ಆದರೆ ಅವರಿಗೆಲ್ಲ ಇದ್ದದ್ದು ಅಲೋಪೇಶಿಯಾ ಏರಿಯೇಟಾ, ಅಂದರೆ ದುಡ್ಡಿನಗಲ ಬೋಳು ಬೀಳುವ ಕಾಯಿಲೆ. ಎಷ್ಟೋ ಜನರಿಗೆ ಅದು ತಾನಾಗೇ ವಾಸಿಯಾಗುತ್ತದೆ. ಬಾಚಣಿಗೆಗೆ ಗೊಂಚಲು ಬರುವ ನಿಮ್ಮ ಉದುರುವಿಕೆಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ತಮ್ಮನ ಸೊಸೆಯದ್ದೇ ನೋಡಿ. ಹೆರಿಗೆಯಾಗಿ ಮೂರು ತಿಂಗಳಿಗೆ ಕೂದಲು ಉದುರಲು ಶುರುವಾಯಿತು. ಗಾಬರಿಯಲ್ಲಿ ವಾರವಿಡೀ ಈರುಳ್ಳಿ ಹಚ್ಚಿದಳು. ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಕೆಂಪು ಗುಳ್ಳೆ ಎದ್ದು ನೀರು ಸೋರಿತು. ಚರ್ಮದ ಡಾಕ್ಟರ್ ಹಚ್ಚುವುದನ್ನು ನಿಲ್ಲಿಸಿ ಮುಲಾಮು ಕೊಟ್ಟರು, ಗುಳ್ಳೆ ಒಣಗಿತು. ಉದುರುವುದಂತೂ ಕೆಲವು ತಿಂಗಳಲ್ಲಿ ತಾನಾಗೇ ನಿಂತಿತು. ಬಾಣಂತಿಗೆ, ಜೋರು ಜ್ವರ ಬಂದುಹೋದವರಿಗೆ ಹೀಗಾಗುವುದೇ. ಎರಡು ಮೂರು ತಿಂಗಳ ಮೇಲೆ ಉದುರುತ್ತದೆ, ಆಮೇಲೆ ಬರುತ್ತದೆ. ಆ ಹೊತ್ತಿಗೆ ತಲೆಯಲ್ಲಿ ಏನಿತ್ತೋ ಅದಕ್ಕೆ ಹೆಸರು!

ಮೆಂತ್ಯದ ವಿಷಯ ಬೇರೆ. ಒಂದು ಹಿಡಿ ಮೆಂತ್ಯ ರಾತ್ರಿ ನೆನೆಸಿ ನುಣ್ಣಗೆ ರುಬ್ಬಿದರೆ ಲೋಳೆ ಬರುತ್ತದೆ. ಅದು ಕೂದಲನ್ನು ಜಾರುವಂತೆ ಮಾಡುತ್ತದೆ, ಸಿಕ್ಕು ಬಿಡುತ್ತದೆ, ಬಾಚುವಾಗ ತುಂಡಾಗುವುದು ಕಡಿಮೆ. ಉದುರಿದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಬಿಳಿ ಗುಂಡು ಇದ್ದರೆ ಬೇರಿನಿಂದ ಬಂದದ್ದು, ಇಲ್ಲದಿದ್ದರೆ ನಡುವೆ ಮುರಿದದ್ದು. ಮುರಿಯುವುದಕ್ಕೆ ಮೆಂತ್ಯ ಸಹಾಯ ಮಾಡುತ್ತದೆ. ಬೇರಿನಿಂದ ಬರುವುದನ್ನು ಅದು ನಿಲ್ಲಿಸುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ರುಬ್ಬಿದ್ದನ್ನು ಹಳೇ ಪಂಚೆಯ ಬಟ್ಟೆಯಲ್ಲಿ ಸೋಸದೆ ಹಚ್ಚಬೇಡಿ. ಸಿಪ್ಪೆ ನೆತ್ತಿಗೆ ಅಂಟಿ ಒಣಗಿದರೆ ಕೆರೆದೇ ಗಾಯವಾಗುತ್ತದೆ. ಮಿಕ್ಸಿ ಜಾರಿಗೂ ಕೂಡಲೇ ನೀರು ಹಾಕಿಡಿ, ಒಣಗಿದ ಮೆಂತ್ಯ ತೊಳೆಯುವುದು ದೊಡ್ಡ ರಗಳೆ.

ಈಗ ನಾನು ಹಟ ಹಿಡಿಯುವ ಕೆಲಸ. ಎಷ್ಟು ಹೇಳಿದರೂ ಯಾರೂ ಮಾಡುವುದಿಲ್ಲ. ತಲೆಗೆ ಹಚ್ಚಬೇಕೆಂದಿರುವುದನ್ನು ಮೊಣಕೈ ಒಳಗಿನ ಮಡಿಕೆಯ ಹತ್ತಿರ, ನಾಣ್ಯದಷ್ಟು ಜಾಗಕ್ಕೆ, ಬೆರಳ ತುದಿಯಿಂದ ತೆಳ್ಳಗೆ ಸವರಿ. ಮೇಲೆ ಬಟ್ಟೆ ಕಟ್ಟಬೇಡಿ. ತಲೆಯ ಮೇಲೆ ಎಷ್ಟು ಹೊತ್ತು ಇಡುತ್ತೀರೋ ಅಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಒಂದು ವಾರ, ಅದೇ ಜಾಗಕ್ಕೆ. "ಒಂದು ಸಲ ಹಚ್ಚಿದೆ, ಏನೂ ಆಗ್ಲಿಲ್ಲ" ಅಂತ ಓಡಬೇಡಿ. ಕಟುವಾದ ರಸದ ಉರಿ ಕೂಡಲೇ ಗೊತ್ತಾಗುತ್ತದೆ, ಆದರೆ ಅಲರ್ಜಿ ಎರಡು ಮೂರು ದಿನ ತಡವಾಗಿಯೂ ಬರುತ್ತದೆ. ದಿನವೂ ಕಿಟಕಿಯ ಬೆಳಕಿನಲ್ಲಿ ನೋಡಿ, ಸವರಿ ನೋಡಿ. ಕೆಂಪು, ತುರಿಕೆ, ಸಣ್ಣ ಗುಳ್ಳೆ, ಒರಟು, ಯಾವುದೊಂದು ಕಂಡರೂ ಅದು ನಿಮ್ಮ ತಲೆಗೆ ಬೇಡ. ವಾರ ಕಳೆದರೂ ಏನೂ ಆಗದಿದ್ದರೆ ತಲೆಗೆ ಹಚ್ಚಿ, ಅದೂ ಸ್ವಲ್ಪ ಹೊತ್ತು, ಹಗಲಲ್ಲಿ. ಪ್ಲಾಸ್ಟಿಕ್ ಕಟ್ಟಿದರೆ ರಸ ಆರದೆ ಚರ್ಮಕ್ಕೆ ಇಳಿದು ಉರಿ ಹೆಚ್ಚುತ್ತದೆ. ಕೆರೆದ ಗಾಯ ಇದ್ದರೆ ಹಚ್ಚಲೇಬೇಡಿ.

ಕಡ್ಲೆಕಾಯಿ ಅಥವಾ ಕಡಲೆ ತಿಂದರೆ ಆಗದವರು ಮೆಂತ್ಯಕ್ಕೆ ಕೈ ಹಾಕುವ ಮೊದಲು ಡಾಕ್ಟರ್ ಹತ್ತಿರ ಕೇಳಿ, ಅವೆಲ್ಲ ಒಂದೇ ಜಾತಿಯ ಕಾಳು. ಮೊಣಕೈ ಪರೀಕ್ಷೆಯೂ ಇವರಿಗೆ ಬೇಡ. ತಲೆಹೊಟ್ಟಿಗೆ ಮೆಂತ್ಯ ಹಚ್ಚಿದ ಒಬ್ಬ ಆಸ್ತಮಾ ರೋಗಿಗೆ ಮುಖ ಊದಿ ಉಬ್ಬಸ ಬಂದದ್ದು ವೈದ್ಯರ ಪತ್ರಿಕೆಯಲ್ಲಿ 1997ರಲ್ಲೇ ಬಂದಿದೆ. ತುಟಿ ಊದಿದರೆ, ಉಸಿರು ಕಟ್ಟಿದರೆ ತಲೆ ತೊಳೆಯುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ದುಡ್ಡಿನಗಲ ಬೋಳು ಬಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಬಿಳಿ ಗುಂಡಿನ ಕೂದಲು ಆರು ತಿಂಗಳಾದರೂ ರಾಶಿ ಬೀಳುತ್ತಿದ್ದರೆ ರಕ್ತದಲ್ಲಿ ಕಬ್ಬಿಣ, ಥೈರಾಯ್ಡ್ ನೋಡಿಸಿ.